ನಗುವ ಮೀಮ್, ನಗದ ಮಗು: ಪಕ್ಕದ ಮನೆಯ ಅಂಕಪಟ್ಟಿಯ ಕಥೆ

ಎಸೆಸೆಲ್ಸಿ ಫಲಿತಾಂಶ ಬರುವ ದಿನ ನಮ್ಮ ಮಕ್ಕಳ ಮೊಬೈಲ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ರಿಸಲ್ಟ್ ನೋಡುವ ಲಿಂಕು. ಇನ್ನೊಂದು, ಮೀಮ್. ಮನೆಯವರಿಗಿಂತ ಮೊದಲೇ ಫೋನ್ ಮಾಡುವ ಸಂಬಂಧಿಕ, ತಟ್ಟೆಯಲ್ಲಿದ್ದ ಬಿರಿಯಾನಿ ತಣ್ಣಗಾಗುವಷ್ಟು ಹೊತ್ತು ಪಕ್ಕದ ಮನೆ ಹುಡುಗನ ಅಂಕ ಹೇಳುವ ಮಾಮಿ, ಕನ್ನಡಕ ಹಾಕಿ ಪುಸ್ತಕ ಹಿಡಿದು ನಿಂತ ಆ ಪಕ್ಕದ ಮನೆಯ ಹುಡುಗ. ಹಿಂದಿಯವರು ಅವನನ್ನು 'ಶರ್ಮಾಜಿ ಕಾ ಬೇಟಾ' ಅನ್ನುತ್ತಾರೆ. ಬೈಲಹೊಂಗಲ, ಸವದತ್ತಿ ಕಡೆ ಅವನು 'ಬಾಜೂ ಮನಿ ಹುಡುಗ'. ನಮ್ಮ ಮನೆಗಳಲ್ಲಿ ಅವನು ಹೆಚ್ಚಾಗಿ ಊರಲ್ಲಿರುವ ಮಾಮನ ಮಗ.

ಇದು ನಮ್ಮ ದೇಶದ್ದು ಮಾತ್ರ ಅಂದುಕೊಳ್ಳಬೇಡಿ. ಕೊರಿಯಾದಲ್ಲಿ 'ಅಮ್ಮನ ಗೆಳತಿಯ ಮಗ' ಎಂಬುದಕ್ಕೆ ಒಂದು ಸಂಕ್ಷಿಪ್ತ ಪದವೇ ಹುಟ್ಟಿಕೊಂಡಿದೆ. ಎಲ್ಲದರಲ್ಲೂ ಮುಂದಿರುವ, ಅಮ್ಮ ಸದಾ ಬಾಯಲ್ಲಿ ಹೇಳುವ ಆ ಹುಡುಗ ಅಂತ ಅದರ ಅರ್ಥ. ಚೀನಾದಲ್ಲಿ ಅದೇ ಆಸಾಮಿಗೆ 'ಬೇರೆಯವರ ಮನೆಯ ಮಗು' ಎನ್ನುತ್ತಾರೆ. ಹತ್ತನೆಯ ತರಗತಿಯ ಒಂದು ಪರೀಕ್ಷೆ ಇಡೀ ಮನೆತನದ ಮಾನದ ಲೆಕ್ಕವಾಗುವ ಕಡೆಗಳಲ್ಲೆಲ್ಲ ಈ ಹುಡುಗ ಇದ್ದಾನೆ.

ಮಕ್ಕಳು ಈ ಮೀಮ್‌ಗಳನ್ನು ನೋಡಿ ನಗುತ್ತಾರೆ, ನಾವೂ ನಗುತ್ತೇವೆ. ಆದರೆ 2025ರ ಮೇ ತಿಂಗಳ ಮೊದಲ ವಾರ ಒಮ್ಮೆ ನೆನಪಿಸಿಕೊಳ್ಳಿ.

ಮೇ 2ರಂದು ರಿಸಲ್ಟ್ ಬಂತು. ರಾಜ್ಯದಲ್ಲಿ 22 ಮಕ್ಕಳಿಗೆ 625ಕ್ಕೆ 625 ಬಂದಿತ್ತು. ಅವರಲ್ಲಿ ಒಬ್ಬಳು ನಮ್ಮ ಬೈಲಹೊಂಗಲ ತಾಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯ ಹುಡುಗಿ. ಟ್ಯೂಷನ್ ಸೆಂಟರ್‌ಗಳ ಊರಲ್ಲ, ದೊಡ್ಡ ಖಾಸಗಿ ಶಾಲೆಯಲ್ಲ. ಇಡೀ ತಾಲೂಕು ಹೆಮ್ಮೆಪಟ್ಟಿತು, ಪಡಲೇಬೇಕಿತ್ತು. ಅದೇ ವಾರ ಬಾಗಲಕೋಟೆಯಿಂದ ಇನ್ನೊಂದು ಸುದ್ದಿ ಬಂತು. ರಾಮದುರ್ಗದಿಂದ ಬಾಗಲಕೋಟೆ ದೂರವೇನಲ್ಲ. ಅಲ್ಲಿ ಆರೂ ವಿಷಯಗಳಲ್ಲಿ ಫೇಲಾಗಿ 625ಕ್ಕೆ 200 ತೆಗೆದುಕೊಂಡ ಹುಡುಗನಿಗೆ ಅವನ ತಂದೆ ತಾಯಿ ಕೇಕ್ ಕತ್ತರಿಸಿ ಸಿಹಿ ತಿನ್ನಿಸಿದರು. ಪರೀಕ್ಷೆಯಲ್ಲಿ ಫೇಲಾದರೂ ಬದುಕಿನಲ್ಲಿ ಫೇಲಾಗಿಲ್ಲ ಎಂಬ ಅರ್ಥದ ಮಾತು ಹೇಳಿದರು. ವಿಡಿಯೋ ದೇಶದ ತುಂಬಾ ಹರಿದಾಡಿತು.

ಈ ಎರಡೂ ಸುದ್ದಿಗಳು ಫ್ಯಾಮಿಲಿ ಗ್ರೂಪ್‌ಗಳಿಗೆ ಬಂದಾಗ ಏನಾಯಿತು ನೋಡಿ. 625ರ ಹುಡುಗಿಯ ಸುದ್ದಿ ಬಂದದ್ದು 'ನೋಡು, ಸರ್ಕಾರಿ ಶಾಲೆ, ಏನೂ ಸೌಲಭ್ಯ ಇಲ್ಲ, ಆದರೂ' ಎಂಬ ಒಕ್ಕಣೆಯೊಂದಿಗೆ. ಅಂದರೆ ಒಂದು ಮಗುವಿನ ಸಾಧನೆ ಇನ್ನೊಂದು ಮಗುವಿನ ಮೇಲೆ ಬೀಸುವ ಬೆತ್ತವಾಯಿತು. ಕೇಕ್‌ನ ವಿಡಿಯೋ ಬಂದದ್ದು ತಮಾಷೆಯಾಗಿ, ನಗುವ ಇಮೋಜಿಗಳ ಜೊತೆ. ಆ ತಂದೆ ತಾಯಿ ಮಾಡಿದ್ದು ಸರಿಯೋ ತಪ್ಪೋ ಎಂದು ದೊಡ್ಡವರು ವಾದ ಮಾಡಿದರು. ನಮ್ಮ ಅಭಿಪ್ರಾಯ ಕೇಳಿದರೆ, ಕೇಕ್ ಬೇಕಿತ್ತೋ ಇಲ್ಲವೋ ಎಂಬುದು ಆಯಾ ಮನೆಗೆ ಬಿಟ್ಟದ್ದು. ಆದರೆ ಆ ಸಂಜೆ ಆ ಹುಡುಗನ ಎದುರು ಯಾರೂ ಇನ್ನೊಬ್ಬನ ಅಂಕ ಓದಲಿಲ್ಲ. ಆರು ವಿಷಯ ಫೇಲಾದ ಹುಡುಗನಿಗೆ ಆ ರಾತ್ರಿ ಅದಕ್ಕಿಂತ ದೊಡ್ಡ ಉಪಕಾರ ಇರಲಿಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ವ್ಯಾಪಾರಕ್ಕೆ ಬಂದು ನೆಲೆಸಿದ ಬ್ಯಾರಿ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು. ನಮ್ಮ ಮಕ್ಕಳು ಮನೆಯಲ್ಲಿ ಬ್ಯಾರಿ ಮಾತಾಡುತ್ತಾರೆ, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಈ ಕಡೆಯ ಕನ್ನಡ, ಮದ್ರಸದಲ್ಲಿ ಅರಬಿ ಓದುತ್ತಾರೆ. ಮೇ ತಿಂಗಳಲ್ಲಿ ರಜೆ, ನಿಕಾಹ್‌ಗಳ ಸೀಸನ್. ರಿಸಲ್ಟ್ ಬಂದ ಕೆಲವೇ ದಿನಗಳಲ್ಲಿ ಮಗು ಬಸ್ ಹತ್ತಿ ಘಟ್ಟ ಇಳಿದು ಊರಿಗೆ ಹೋಗಬೇಕು. ಅಲ್ಲಿ ಮದುವೆ ಹಾಲ್‌ನ ಬಾಗಿಲಲ್ಲೇ ಪ್ರಶ್ನೆ ಕಾದಿರುತ್ತದೆ, 'ಎಷ್ಟು ಬಂತು?' ಉತ್ತರ ಹೇಳಿದ ಕೂಡಲೇ ಎರಡನೆಯದು, 'ಇವನಿಗೆ ಎಷ್ಟು ಬಂತು ಗೊತ್ತುಂಟಾ?' ಇಲ್ಲಿಯ ನೆರೆಯವರು ಕೇಳುವುದೂ ಅದನ್ನೇ, 'ಎಷ್ಟ ಬಿದ್ದಾವ್ರೀ ಮಾರ್ಕ್ಸ್?' ಅಂತ. ಆದರೆ ಅವರು ಹೋಲಿಸುವುದು ಇಲ್ಲಿಯವರ ಜೊತೆಗೇ. ನಮ್ಮವರು ಹೋಲಿಸುವುದು ಘಟ್ಟದ ಕೆಳಗಿನ ಮಗುವಿನ ಜೊತೆ.

ಆ ಹೋಲಿಕೆ ಎಷ್ಟು ಸರಿ? 2025ರಲ್ಲಿ ರಾಜ್ಯದ ಫಲಿತಾಂಶ ಶೇ.66.14. ದಕ್ಷಿಣ ಕನ್ನಡ ಶೇ.91.12ರೊಂದಿಗೆ ಮೊದಲ ಸ್ಥಾನ, ಉಡುಪಿ ಶೇ.89.96ರೊಂದಿಗೆ ಎರಡನೆಯದು. ಕೊನೆಯ ಕಲಬುರಗಿಯಲ್ಲಿ ಶೇ.42.43. ನಮ್ಮ ನಾಲ್ಕು ತಾಲೂಕುಗಳು ಸೇರುವ ಬೆಳಗಾವಿ ಶೈಕ್ಷಣಿಕ ಜಿಲ್ಲೆ ಈ ನಡುವೆ, ಕರಾವಳಿಗಿಂತ ಬಹಳ ಕೆಳಗೆ ಇರುತ್ತದೆ. ಅದು ಮಕ್ಕಳ ಬುದ್ಧಿಯ ವ್ಯತ್ಯಾಸ ಅಂತ ಯಾರೂ ಹೇಳಲಾರರು. ಶಾಲೆ, ಶಿಕ್ಷಕರ ಸಂಖ್ಯೆ, ಮನೆಯಲ್ಲಿ ಮೊದಲೇ ಓದಿದವರು ಇದ್ದಾರೋ ಇಲ್ಲವೋ, ಟ್ಯೂಷನ್ ಸಿಗುತ್ತದೋ ಇಲ್ಲವೋ, ಇವೆಲ್ಲ ಸೇರಿ ಆಗುವ ವ್ಯತ್ಯಾಸ. ಬಂಟ್ವಾಳದ ಮಗುವನ್ನೂ ಸವದತ್ತಿಯ ಮಗುವನ್ನೂ ಒಂದೇ ತಕ್ಕಡಿಯಲ್ಲಿ ಇಡುವವರು ಈ ಲೆಕ್ಕ ಹಾಕುವುದಿಲ್ಲ.

ಇನ್ನೊಂದು ಹೋಲಿಕೆ ಒಂದೇ ಮನೆಯೊಳಗಿನದು. 'ನಿನ್ನ ಅಕ್ಕ ನೋಡು.' ಅಕ್ಕ ಬರೆದದ್ದು 2021ರಲ್ಲಿ ಅನ್ನಿ. ಕೊರೋನಾ ಕಾರಣ ಆ ವರ್ಷ ಪರೀಕ್ಷೆ ನಡೆದದ್ದು ಎರಡೇ ದಿನ, ಉತ್ತರ ಆರಿಸಿ ಗುರುತು ಹಾಕುವ ಮಾದರಿಯಲ್ಲಿ, ಹೆಚ್ಚು ಕಡಿಮೆ ಎಲ್ಲರೂ ಪಾಸು. 2023ರಲ್ಲಿ ಫಲಿತಾಂಶ ಶೇ.83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮರಾ ಬಂತು. ಪಾಸಾದವರ ಪ್ರಮಾಣ ಎಷ್ಟು ಕುಸಿಯಿತೆಂದರೆ, ಆ ವರ್ಷದ ಮಟ್ಟಿಗೆ ಗ್ರೇಸ್ ಅಂಕವನ್ನು ಶೇ.10ರಿಂದ ಶೇ.20ಕ್ಕೆ ಏರಿಸಿಯೂ ಫಲಿತಾಂಶ ಶೇ.73.40ಕ್ಕೇ ನಿಂತಿತು. 2025ರಲ್ಲಿ ಆ ಹೆಚ್ಚುವರಿ ಗ್ರೇಸ್ ಇರಲಿಲ್ಲ. ಆ ಅಕ್ಕನೂ ಈ ತಮ್ಮನೂ ಬರೆದದ್ದಕ್ಕೆ ಹೆಸರು ಮಾತ್ರ ಒಂದೇ. ಪರೀಕ್ಷೆ ಬೇರೆ ಬೇರೆ.

ಆದರೆ ಹೋಲಿಕೆಯಿಂದ ಆಗುವ ದೊಡ್ಡ ನಷ್ಟ ಅನ್ಯಾಯ ಮಾತ್ರವಲ್ಲ. ಅದು ಅಂಕಪಟ್ಟಿಯಲ್ಲಿ ಓದಬೇಕಾದುದನ್ನು ಓದಲು ಬಿಡುವುದಿಲ್ಲ. ಇದನ್ನು ಒಂದು ಲೆಕ್ಕದಿಂದ ಹೇಳಬೇಕು. ಇಲ್ಲಿ ಬರುವ ಇಬ್ಬರು ನಿಜವಾದ ಮಕ್ಕಳಲ್ಲ, ಲೆಕ್ಕ ಅರ್ಥವಾಗಲೆಂದು ನಾವು ಮಾಡಿಕೊಂಡವರು.

ಸವದತ್ತಿಯ ಹುಡುಗನಿಗೆ 625ಕ್ಕೆ 412. ಬಂಟ್ವಾಳದ ಮಾಮನ ಮಗನಿಗೆ 548. ಮದುವೆ ಮನೆಯಲ್ಲಿ ಕೇಳಿ ಬರುವುದು ಇಷ್ಟೇ, 136 ಅಂಕ ಹಿಂದೆ. ಕೇಳಿದ ಉಮ್ಮನ ಮುಖ ಬಾಡುತ್ತದೆ, ಬಾಪ ಮಾತು ಬಿಡುತ್ತಾರೆ, 'ಎಲ್ಲದರಲ್ಲೂ ಹಿಂದೆ' ಎಂಬ ತೀರ್ಮಾನವಾಗುತ್ತದೆ. ಈಗ ಇಬ್ಬರ ಪಟ್ಟಿಯನ್ನೂ ಬಿಡಿಸೋಣ. ಇಬ್ಬರದ್ದೂ ಪ್ರಥಮ ಭಾಷೆ ಕನ್ನಡ, ದ್ವಿತೀಯ ಇಂಗ್ಲಿಷ್, ತೃತೀಯ ಹಿಂದಿ. ಸಮಾಜ ವಿಜ್ಞಾನದಲ್ಲಿ ನಮ್ಮ ಹುಡುಗನಿಗೆ 82, ಅವನಿಗೆ 84. ವ್ಯತ್ಯಾಸವೇ ಇಲ್ಲ ಅನ್ನಬಹುದು. ಹಿಂದಿಯಲ್ಲಿ 78 ಮತ್ತು 92. ಕನ್ನಡದಲ್ಲಿ 125ಕ್ಕೆ 88 ಮತ್ತು 116. ವಿಜ್ಞಾನದಲ್ಲಿ 58 ಮತ್ತು 82. ಇಂಗ್ಲಿಷ್‌ನಲ್ಲಿ 54 ಮತ್ತು 90. ಗಣಿತದಲ್ಲಿ 52 ಮತ್ತು 84. ಇಂಗ್ಲಿಷ್‌ನಲ್ಲಿ 36, ಗಣಿತದಲ್ಲಿ 32, ಎರಡೂ ಸೇರಿ 68. ಅಂದರೆ 136ರಲ್ಲಿ ಸರಿಯಾಗಿ ಅರ್ಧ ಎರಡೇ ವಿಷಯಗಳಲ್ಲಿ ಕೂತಿದೆ.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿ. ಪ್ರಥಮ ಭಾಷೆ ಬಿಟ್ಟು ಉಳಿದ ವಿಷಯಗಳಲ್ಲಿ 100ರಲ್ಲಿ 80 ಅಂಕ ಲಿಖಿತ ಪರೀಕ್ಷೆಯದು, 20 ಶಾಲೆಯೇ ಕೊಡುವ ಆಂತರಿಕ ಅಂಕ. ಪ್ರಥಮ ಭಾಷೆಗೆ 100 ಮತ್ತು 25. ಆಂತರಿಕ ಅಂಕ ಹೆಚ್ಚಿನ ಮಕ್ಕಳಿಗೆ ಪೂರ್ತಿಯ ಹತ್ತಿರವೇ ಬರುತ್ತದೆ. ನಮ್ಮ ಹುಡುಗನ ಇಂಗ್ಲಿಷ್ 54ರಲ್ಲಿ ಆಂತರಿಕ 19 ಇದ್ದರೆ, ಅವನು ಬರೆದು ಗಳಿಸಿದ್ದು 80ಕ್ಕೆ 35. ಗಣಿತದ 52ರಲ್ಲಿ ಆಂತರಿಕ 20 ತೆಗೆದರೆ ಬರೆದದ್ದು 32. ಆ ವರ್ಷದ ನಿಯಮದಲ್ಲಿ ಲಿಖಿತದಲ್ಲಿ ಪಾಸಾಗಲು 28 ಬೇಕಿತ್ತು. ಅಂದರೆ 412 ಎಂಬ ನೆಮ್ಮದಿಯ, ಪ್ರಥಮ ದರ್ಜೆಯ ಮೊತ್ತದ ಒಳಗೆ ಹುಡುಗ ಗಣಿತದಲ್ಲಿ ನಾಲ್ಕೇ ಅಂಕದ ಅಂತರದಲ್ಲಿ ತೇರ್ಗಡೆಯಾಗಿದ್ದಾನೆ. ಪಿಯುಸಿಯಲ್ಲಿ ಸೈನ್ಸ್ ಕೊಡಿಸಬೇಕು ಎಂದು ಹೊರಟ ಮನೆಗೆ ಮೊದಲು ಗೊತ್ತಾಗಬೇಕಿದ್ದದ್ದು ಇದು. 136ರ ಗಲಾಟೆಯಲ್ಲಿ ಇದು ಯಾರಿಗೂ ಕಾಣಲಿಲ್ಲ. ಸಮಾಜ ವಿಜ್ಞಾನದ 82 ಕೂಡ ಯಾರಿಗೂ ಕಾಣಲಿಲ್ಲ. ಅದನ್ನೊಮ್ಮೆ ಬಾಯಿಬಿಟ್ಟು ಹೇಳಿದ್ದರೆ ಹುಡುಗ ಆ ರಾತ್ರಿ ಊಟ ಮಾಡುತ್ತಿದ್ದನೋ ಏನೋ.

ತಿದ್ದಿಕೊಳ್ಳಲು ದಾರಿಯೂ ಇದೆ. 2024ರಿಂದ ಎಸೆಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪರೀಕ್ಷೆ-1 ಬರೆದವರು ಪರೀಕ್ಷೆ-2ನ್ನೂ ಬರೆಯಬಹುದು. ಫೇಲಾದವರು ಮಾತ್ರವಲ್ಲ, ಅಂಕ ಹೆಚ್ಚಿಸಿಕೊಳ್ಳಬೇಕು ಅನ್ನುವವರೂ ಕೂತುಕೊಳ್ಳಬಹುದು. ಹೆಚ್ಚು ಬಂದದ್ದೇ ಉಳಿಯುತ್ತದೆ. ಉತ್ತರ ಪತ್ರಿಕೆಯ ಪ್ರತಿ ತರಿಸಿ, ಮರು ಎಣಿಕೆಗೂ ಮರು ಮೌಲ್ಯಮಾಪನಕ್ಕೂ ಅರ್ಜಿ ಹಾಕಬಹುದು. ಇದಕ್ಕೆಲ್ಲ ಫಲಿತಾಂಶದ ನಂತರ ಸಿಗುವುದು ಕೆಲವೇ ದಿನ. ಆ ದಿನಗಳನ್ನು ನಾವು ಯಾರ ಮಗನಿಗೆ ಎಷ್ಟು ಬಂತು ಎಂದು ವಿಚಾರಿಸುವುದರಲ್ಲಿ ಕಳೆಯುತ್ತೇವೆ. 2025-26ನೇ ಸಾಲಿನಿಂದ ಪಾಸಾಗಲು ಒಟ್ಟು ಶೇ.33, ಅಂದರೆ 625ಕ್ಕೆ 206, ಜೊತೆಗೆ ಪ್ರತಿ ವಿಷಯದಲ್ಲಿ ಕನಿಷ್ಠ 30 ಸಾಕು ಎಂದು ಶಿಕ್ಷಣ ಸಚಿವ ಮಧು ಬಂಗಾರಪ್ಪ ಪ್ರಕಟಿಸಿದ್ದಾರೆ. ಬಾಗಲಕೋಟೆಯ ಆ ಹುಡುಗನ ಒಟ್ಟು ಅಂಕ ಈ ಗೆರೆಗೆ ಆರೇ ಅಂಕ ಕಡಿಮೆ. ಫೇಲು ಎಂಬ ಗೆರೆಯನ್ನು ಸರ್ಕಾರವೇ ಹೀಗೆ ಆಚೆ ಈಚೆ ಜರುಗಿಸುತ್ತದೆ. ನಮ್ಮ ಬಾಯಲ್ಲಿ ಮಾತ್ರ 'ಫೇಲ್' ಎಂಬುದು ಮಗುವಿನ ಹಣೆಬರಹದ ಹಾಗೆ ಬರುತ್ತದೆ.

ಮದ್ರಸಗಳಲ್ಲೂ ಇದೇ ಗಾಳಿ. ಸಮಸ್ತ ಮದ್ರಸಗಳಲ್ಲಿ 5, 7, 10, 12ನೇ ತರಗತಿಗಳಿಗೆ ಪಬ್ಲಿಕ್ ಪರೀಕ್ಷೆ ಇದೆ. ಟಾಪ್ ಪ್ಲಸ್, ಡಿಸ್ಟಿಂಕ್ಷನ್ ಬಂದ ಮಕ್ಕಳ ಫೋಟೋ ಹಾಕಿ ಫ್ಲೆಕ್ಸ್ ಕಟ್ಟುವುದು ಕರಾವಳಿಯಲ್ಲಿ ಮಾಮೂಲು. ಪ್ರೋತ್ಸಾಹ ಬೇಕು, ಬೇಡ ಅನ್ನುವವರಲ್ಲ ನಾವು. ಒಳ್ಳೆಯ ಕೆಲಸದಲ್ಲಿ ಮುಂದಾಗಲು ಪೈಪೋಟಿ ಮಾಡಿ ಎಂದು ದೀನ್ ಹೇಳಿದೆಯಲ್ಲ ಉಸ್ತಾದ್, ಎಂದು ಕೆಲವು ಪೋಷಕರು ಕೇಳುವುದುಂಟು. ಹೌದು, ಹೇಳಿದೆ. ಅದು ತಾನಾಗಿ ಓಡುವವನಿಗೆ ಹೇಳಿದ ಮಾತು. ಇನ್ನೊಬ್ಬನ ಬೆನ್ನು ತೋರಿಸಿ ಮಗುವನ್ನು ಚುಚ್ಚಲು ಕೊಟ್ಟ ಪರವಾನಗಿ ಅಲ್ಲ. ದುನಿಯಾದ ವಿಷಯದಲ್ಲಿ ನಿಮಗಿಂತ ಮೇಲಿರುವವರನ್ನಲ್ಲ, ಕೆಳಗಿರುವವರನ್ನು ನೋಡಿ, ಹಾಗಾದರೆ ಅಲ್ಲಾಹನ ಅನುಗ್ರಹವನ್ನು ಕಡೆಗಣಿಸುವುದಿಲ್ಲ ಎಂಬ ಅರ್ಥದ ನೆಬಿ ವಚನವನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಸೂರಃ ಹುಜುರಾತ್‌ನಲ್ಲಿ ಪರಸ್ಪರ ಅಪಹಾಸ್ಯ ಮಾಡುವುದನ್ನೂ ಕೆಟ್ಟ ಅಡ್ಡಹೆಸರಿನಿಂದ ಕರೆಯುವುದನ್ನೂ ತಡೆದಿರುವುದನ್ನು ಬಾಯಿಪಾಠ ಮಾಡಿಸುತ್ತೇವೆ. ಆ ಪಾಠ ಮುಗಿಸಿ ಮನೆಗೆ ಹೋದ ಮಗುವನ್ನು 'ದಡ್ಡ' ಎಂದು ಕರೆದರೆ, ಅದಕ್ಕೆ ಯಾವ ಪಾಠ ನಿಜ ಅನ್ನಿಸಬೇಕು?

ಒಂದು ವಿಚಿತ್ರ ಗಮನಿಸಿ. ನಮ್ಮಲ್ಲಿ ಸ್ವಂತ ಮಗನಿಗೆ ಒಳ್ಳೆಯ ಅಂಕ ಬಂದರೆ 'ಕಣ್ಣು ಬೀಳ್ತದೆ' ಎಂದು ಹೆಚ್ಚು ಹೇಳುವುದಿಲ್ಲ. ಬೇರೆಯವರ ಮಗನ ಅಂಕವನ್ನು ಮಾತ್ರ ಧಾರಾಳವಾಗಿ ಹೇಳುತ್ತೇವೆ. ಹಾಗಾಗಿ ಎಲ್ಲ ಮನೆಗಳಲ್ಲೂ ಮಗುವಿಗೆ ಕೇಳಿಸುವುದು ಬೇರೆಯವರ ಹೊಗಳಿಕೆಯೇ. ಇದು ಸುತ್ತಿ ಸುತ್ತಿ ಬರುತ್ತದೆ. ಬಂಟ್ವಾಳದ ಆ 548ರ ಹುಡುಗನಿಗೂ ಅವನ ಮನೆಯಲ್ಲಿ 'ಮಂಗಳೂರಿನವನಿಗೆ 600 ದಾಟಿದೆ' ಎಂಬ ಮಾತು ಕಾದಿರುತ್ತದೆ. ಮೀಮ್‌ನಲ್ಲಿ ನಗುವ ಆ ಪಕ್ಕದ ಮನೆ ಹುಡುಗ ಯಾವ ಮನೆಯಲ್ಲೂ ವಾಸ ಮಾಡುವುದಿಲ್ಲ. ಎಲ್ಲ ಮಕ್ಕಳಿಗೂ ಅವನು ಪಕ್ಕದ ಮನೆಯಲ್ಲೇ ಇರುತ್ತಾನೆ.

ಹಾಗಾದರೆ ಮಕ್ಕಳು ಈ ಮೀಮ್‌ಗಳನ್ನು ಯಾಕೆ ಹಂಚುತ್ತಾರೆ? ನಾವು ನೋಡಿದ ಮಟ್ಟಿಗೆ ಎರಡು ಕಾರಣ. ಒಂದು, ಬೇರೆಯವರಿಗೂ ಹೀಗೇ ಆಗುತ್ತದೆ ಎಂಬ ಸಮಾಧಾನ. ಅದು ಒಳ್ಳೆಯದೇ, ಆ ಮೀಮನ್ನು ಕಿತ್ತುಕೊಳ್ಳಬೇಕಾಗಿಲ್ಲ. ಇನ್ನೊಂದು, ಬೈಯುವವರಿಗಿಂತ ಮೊದಲು ತನ್ನನ್ನು ತಾನೇ ನಗೆಪಾಟಲು ಮಾಡಿಕೊಳ್ಳುವುದು. ಎದುರುತ್ತರ ಕೊಡಲು ಆಗದ ಮಗು ತಮಾಷೆಯಲ್ಲಿ ಉತ್ತರ ಕೊಡುತ್ತದೆ. ಮಾಮಿಗೆ 'ನೀವು ಹಾಗೆ ಹೇಳಬೇಡಿ' ಅನ್ನಲಾಗುವುದಿಲ್ಲ, ಅದಬ್ ಅಡ್ಡ ಬರುತ್ತದೆ. ಆಗ ಸ್ಟೇಟಸ್‌ನಲ್ಲಿ ಮಾಮಿಯ ಮೀಮ್ ಬೀಳುತ್ತದೆ. ಹಾಗೆ ಹಾಕುವ ಹುಡುಗನಿಗೆ ಇನ್ನೂ ಮಾತು ಉಳಿದಿದೆ ಅಂತ ತಿಳಿಯಿರಿ.

ಎಚ್ಚರವಾಗಬೇಕಾದದ್ದು ತಮಾಷೆಯ ಗುರಿ ಬದಲಾದಾಗ. ಮೊದಲು ಸಂಬಂಧಿಕರನ್ನು ನೋಡಿ ನಗುತ್ತಿದ್ದವನು ಈಗ ತನ್ನನ್ನೇ 'ವೇಸ್ಟ್ ಕೇಸ್' ಅನ್ನತೊಡಗುತ್ತಾನೆ, ಮತ್ತೆ ಮತ್ತೆ ಅನ್ನುತ್ತಾನೆ. ಸ್ಟೇಟಸ್ ಹಾಕುವುದೇ ನಿಲ್ಲುತ್ತದೆ. ಊರಿಗೆ ಹೋಗುವ ದಿನ ಹೊಟ್ಟೆನೋವು ಬರುತ್ತದೆ, ನಿಕಾಹ್‌ಗೆ ಬರಲ್ಲ ಅನ್ನುತ್ತಾನೆ. ನಿದ್ದೆ ಊಟ ಕೆಡುತ್ತದೆ. ತನಗೆ ಪ್ರೀತಿಯ ವಸ್ತುಗಳನ್ನು ತಂಗಿಗೆ, ಗೆಳೆಯರಿಗೆ ಕೊಡುತ್ತಾನೆ. 'ನಾನಿಲ್ಲದಿದ್ದರೆ ನಿಮಗೆ ಆರಾಮ' ಎಂಬ ಮಾತು ನಗುತ್ತಲೇ ಬಂದರೂ ಅದನ್ನು ನಗು ಎಂದು ಬಿಡಬಾರದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರ ಒಂದೇ ವರ್ಷ ದೇಶದಲ್ಲಿ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು 13,044. ಎಲ್ಲದಕ್ಕೂ ಅಂಕವೇ ಕಾರಣವಲ್ಲ, ಒಂದು ಸಾವಿಗೆ ಒಂದೇ ಕಾರಣವೂ ಇರುವುದಿಲ್ಲ. ಆದರೆ ಈ ಸಂಖ್ಯೆ ಗೊತ್ತಿದ್ದವರು 'ಎಷ್ಟು ಬಂತು' ಎಂದು ಕೇಳುವ ಮೊದಲು ಒಂದು ಗಳಿಗೆ ನಿಲ್ಲುತ್ತಾರೆ.

ಹಾಗೆ ಅನ್ನಿಸಿದರೆ ಮಗುವನ್ನು ಒಬ್ಬನೇ ಬಿಡಬೇಡಿ. ಸಾಯುವ ಯೋಚನೆ ಬರ್ತಿದೆಯಾ ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಈ ನಾಲ್ಕು ತಾಲೂಕುಗಳವರಿಗೆ ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಆಸ್ಪತ್ರೆ, ಕಿತ್ತೂರಿನಿಂದಂತೂ ಹೆದ್ದಾರಿಯಲ್ಲಿ ನೇರ ದಾರಿ. ಮಂತ್ರಿಸಿದ ನೀರು ಕುಡಿಸುವವರು ಕುಡಿಸಲಿ, ದುಆ ಮಾಡಿಸುವವರು ಮಾಡಿಸಲಿ. ಆದರೆ ವೈದ್ಯರ ಬಳಿಗೆ ಹೋಗುವುದನ್ನು ಅದಕ್ಕಾಗಿ ನಾಳೆಗೆ ಹಾಕಬೇಡಿ. 'ಹುಚ್ಚಾಸ್ಪತ್ರೆಗೆ ಹೋದರು' ಎಂದು ಯಾರಾದರೂ ಹೇಳಿಯಾರು ಎಂಬ ಹೆದರಿಕೆ ಕೂಡ ಅದೇ ಸಂಬಂಧಿಕರ ಹೆದರಿಕೆ, ಅಲ್ವಾ?

ಈ ಸಲ ಊರಿಗೆ ಹೋಗುವ ಮೊದಲು ಮನೆಯಲ್ಲಿ ಒಂದು ಮಾತು ತೀರ್ಮಾನ ಮಾಡಿಕೊಳ್ಳಿ. ಅಂಕ ಕೇಳಿದರೆ ಉತ್ತರ ಕೊಡುವವರು ಉಮ್ಮ ಅಥವಾ ಬಾಪ, ಮಗು ಅಲ್ಲ. 'ಪಾಸಾಗಿದ್ದಾನೆ, ಅಲ್‌ಹಮ್ದುಲಿಲ್ಲಾಹ್, ಗಣಿತಕ್ಕೆ ಸ್ವಲ್ಪ ಟ್ಯೂಷನ್ ನೋಡ್ತಾ ಇದ್ದೇವೆ, ನಿಮಗೆ ಯಾರಾದರೂ ಒಳ್ಳೆ ಮಾಸ್ಟ್ರು ಗೊತ್ತುಂಟಾ?' ಇಷ್ಟು ಹೇಳಿದರೆ ಹೆಚ್ಚಿನ ಮಾಮಿಯರು ಮಾಸ್ಟ್ರುಗಳ ಹೆಸರು ಹೇಳತೊಡಗುತ್ತಾರೆ. ಕೆಲವರು ಆಗಲೂ 548 ಎಂದೇ ಹೇಳುತ್ತಾರೆ, ಹೇಳಲಿ. ಅಷ್ಟು ಹೊತ್ತಿಗೆ ಹುಡುಗ ಒಳಗೆ ಮಕ್ಕಳ ಪಂಕ್ತಿಯಲ್ಲಿ ಊಟಕ್ಕೆ ಕೂತಿರುತ್ತಾನೆ.